ಅಜ್ಜಿಗೊಂದು ದೊಡ್ಡ ಅಕ್ಷರದ ಮಾತ್ರೆ ಚಾರ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣು ಮಂಜಾದ ಅಜ್ಜಿಗೆ ಮನೆಯವರೇ ಸ್ಟ್ರಿಪ್‌ಗಳ ಫೋಟೊ ತೆಗೆದು, ದೊಡ್ಡ ಅಕ್ಷರದಲ್ಲಿ ಮಾತ್ರೆ ಚಾರ್ಟ್ ಮಾಡಿಕೊಡುವಾಗ ಏಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳಲ್ಲಿ ಒಬ್ಬರೇ ಅಜ್ಜಿಯ ಉದಾಹರಣೆ ಬರುತ್ತದೆ. ಅವರಿಗೆ ಐದು ಮಾತ್ರೆ: ಥೈರಾಯ್ಡ್‌ಗೆ ಲೆವೊಥೈರಾಕ್ಸಿನ್, ಶುಗರ್‌ಗೆ ಮೆಟ್‌ಫಾರ್ಮಿನ್, ಬಿಪಿಗೆ ಆಮ್ಲೋಡಿಪಿನ್, ಮೂಳೆಗೆ ಕ್ಯಾಲ್ಸಿಯಂ, ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್. ನಿಮ್ಮ ಅಜ್ಜಿಯ ಮಾತ್ರೆ, ಪ್ರಮಾಣ, ಹೊತ್ತು ಎಲ್ಲವೂ ಅವರ ಡಾಕ್ಟರ್ ಬರೆದ ಹಾಗೇ ಇರಬೇಕು. ಇಲ್ಲಿಂದ ನಕಲು ಮಾಡಬೇಡಿ.

## ಶುರು ಮಾಡುವ ಮೊದಲು

ಡಾಕ್ಟರ್ ಚೀಟಿ ಇದೆಯಲ್ಲ, ಅದನ್ನೇ ದೊಡ್ಡದಾಗಿ ಝೆರಾಕ್ಸ್ ಮಾಡಿದರೆ ಸಾಲದಾ?

ಸಾಲದು. ಚೀಟಿಯಲ್ಲಿ ಮಾತ್ರೆಗಳು ಹೆಸರಿನ ಲೆಕ್ಕದಲ್ಲಿ ಇರುತ್ತವೆ. ಒಂದು ಸಾಲಿಗೆ ಒಂದು ಮಾತ್ರೆ, ಪಕ್ಕದಲ್ಲಿ 1-0-1 ಅಂತ ಒಂದು ಗುರುತು. ಅದು ಅಂಗಡಿಯವರಿಗೆ ಅನುಕೂಲ. ಅಜ್ಜಿಗೆ ಬೇಕಾಗಿರುವುದು "ಈಗ ಏನು ತಗೋಬೇಕು" ಅನ್ನುವ ಒಂದೇ ಪ್ರಶ್ನೆಗೆ ಉತ್ತರ. ಹಾಗಾಗಿ ಚಾರ್ಟ್ ಹೊತ್ತಿನ ಲೆಕ್ಕದಲ್ಲಿ ಇರಬೇಕು.

ನಮ್ಮ ಉದಾಹರಣೆಯ ಅಜ್ಜಿಗೆ ದಿನಕ್ಕೆ ನಾಲ್ಕು ಹೊತ್ತು. ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ಆಮೇಲೆ ಕನಿಷ್ಠ ಅರ್ಧ ಗಂಟೆ ಏನೂ ತಿನ್ನುವ ಹಾಗಿಲ್ಲ. ತಿಂಡಿಯ ಜೊತೆ ಮೆಟ್‌ಫಾರ್ಮಿನ್ ಮತ್ತು ಆಮ್ಲೋಡಿಪಿನ್. ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ. ರಾತ್ರಿ ಊಟದ ಜೊತೆ ಮತ್ತೆ ಮೆಟ್‌ಫಾರ್ಮಿನ್, ಜೊತೆಗೆ ಅಟೋರ್ವಾಸ್ಟಾಟಿನ್. ಐದು ಮಾತ್ರೆಗೆ ಆರು ಫೋಟೊ ಆಯಿತು, ಯಾಕಂದರೆ ಮೆಟ್‌ಫಾರ್ಮಿನ್ ಎರಡು ಕಡೆ ಬರುತ್ತದೆ. "ಬೆಳಗ್ಗೆ ತಗೊಂಡದ್ದೇ ರಾತ್ರಿಗೂ" ಅಂತ ಬರೆದು ಜಾಗ ಉಳಿಸಲು ಹೋಗಬೇಡಿ. ರಾತ್ರಿ ಹಾಳೆಯಲ್ಲೂ ಅದರ ಫೋಟೊ ಇರಲೇಬೇಕು.

ಎಲ್ಲವನ್ನೂ ಒಂದೇ ದೊಡ್ಡ ಹಾಳೆಯಲ್ಲಿ ತುರುಕುವುದಕ್ಕಿಂತ ಒಂದು ಹೊತ್ತಿಗೆ ಒಂದು ಎ4 ಹಾಳೆ ಮಾಡುವುದು ನನಗೆ ಸರಿ ಅನಿಸುತ್ತದೆ. ಒಂದು ಹಾಳೆಯಲ್ಲಿ ಎರಡು ಮೂರು ಮಾತ್ರೆ ಮಾತ್ರ ಇದ್ದರೆ ಅಕ್ಷರಕ್ಕೂ ಫೋಟೊಗೂ ಧಾರಾಳ ಜಾಗ ಸಿಗುತ್ತದೆ. ದೃಷ್ಟಿ ಕಡಿಮೆ ಇರುವವರು ಸಾಲು ತಪ್ಪಿ ಪಕ್ಕದ ಸಾಲಿಗೆ ಹೋಗುವುದೂ ಕಡಿಮೆಯಾಗುತ್ತದೆ.

ಚಾರ್ಟನ್ನು ಚೀಟಿ ನೋಡಿ ಬರೆಯಬೇಕಾ, ಡಬ್ಬದಲ್ಲಿರೋ ಸ್ಟ್ರಿಪ್ ನೋಡಿ ಬರೆಯಬೇಕಾ?

ಮಾತು ಚೀಟಿಯದ್ದು, ಚಿತ್ರ ಸ್ಟ್ರಿಪ್‌ನದ್ದು. ಎರಡೂ ಒಂದಕ್ಕೊಂದು ತಾಳೆಯಾಗಬೇಕು. ಮೊದಲು ಮಾತ್ರೆ ಡಬ್ಬವನ್ನು ಪೂರ್ತಿ ಮೇಜಿನ ಮೇಲೆ ಸುರಿಯಿರಿ. ಈಚಿನ ಚೀಟಿ ಹಿಡಿದು ಒಂದೊಂದೇ ಸ್ಟ್ರಿಪ್ ಎತ್ತಿ ಹೆಸರು, ಶಕ್ತಿ ಅಂದರೆ 5 ಮಿಲಿಗ್ರಾಂ ಅನ್ನುವಂಥ ಅಳತೆ, ಮುಗಿಯುವ ತಾರೀಖು ನೋಡಿ. ಡಾಕ್ಟರ್ ಯಾವತ್ತೋ ನಿಲ್ಲಿಸಿದ ಮಾತ್ರೆ, ಹಳೇ ಜ್ವರದ್ದು, ಬೇರೆ ಯಾರದ್ದೋ ನೋವಿನ ಮಾತ್ರೆ, ಎಲ್ಲವೂ ಅಲ್ಲಿರಬಹುದು. ಚೀಟಿಯಲ್ಲಿ ಇಲ್ಲದ್ದನ್ನು ಅಜ್ಜಿಯ ಡಬ್ಬದಿಂದ ಹೊರಗಿಡಿ.

ಇಲ್ಲಿ ಗಮನಿಸಬೇಕಾದ್ದು ಕಂಪನಿ ಇಟ್ಟ ಹೆಸರಲ್ಲ, ಅದರ ಕೆಳಗೆ ಚಿಕ್ಕದಾಗಿ ಅಚ್ಚಾಗಿರುವ ಔಷಧಿಯ ಹೆಸರು. ಎರಡು ಬೇರೆ ಬಣ್ಣದ, ಬೇರೆ ಹೆಸರಿನ ಸ್ಟ್ರಿಪ್‌ಗಳ ಒಳಗೆ ಒಂದೇ ಆಮ್ಲೋಡಿಪಿನ್ ಇರಬಹುದು. ಕೆಲವು ಸ್ಟ್ರಿಪ್‌ನಲ್ಲಿ ಎರಡು ಔಷಧಿ ಸೇರಿಸಿದ ಒಂದೇ ಮಾತ್ರೆ ಇರುತ್ತದೆ. ಡಾಕ್ಟರ್ ಅಂಥದ್ದಕ್ಕೆ ಬದಲಾಯಿಸಿದ್ದರೆ ಹಳೇ ಒಂಟಿ ಮಾತ್ರೆ ಮುಂದುವರಿಯಬೇಕೋ ಬೇಡವೋ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಚಾರ್ಟ್ ಮುಗಿದ ಮೇಲೆ ಒಮ್ಮೆ ಡಾಕ್ಟರಿಗೋ ಫಾರ್ಮಸಿಸ್ಟ್‌ಗೋ ತೋರಿಸಿ. ಐದು ನಿಮಿಷದ ಕೆಲಸ, ಆದರೆ ಇದನ್ನು ಬಿಡಬಾರದು.

ಅಜ್ಜಿಗೆ ಓದೋಕೇ ಬರಲ್ಲ. ಆದರೂ ಇದು ಉಪಯೋಗ ಆಗುತ್ತಾ?

ಆಗುತ್ತದೆ. ಹೊತ್ತಿಗೆ ಚಿತ್ರ ಹಾಕಿ: ಮೇಲೇಳುವ ಸೂರ್ಯ, ತಟ್ಟೆ, ನೆತ್ತಿಯ ಮೇಲಿನ ಸೂರ್ಯ, ಚಂದ್ರ. ಎಷ್ಟು ಮಾತ್ರೆ ಅನ್ನುವುದಕ್ಕೆ ಅಂಕಿಯ ಬದಲು ಅಷ್ಟೇ ಮಾತ್ರೆಯ ಫೋಟೊ. ಬರಹವನ್ನು ಮಾತ್ರ ತೆಗೆಯಬೇಡಿ. ಅದು ಅಜ್ಜಿಗಲ್ಲ, ಅಕಸ್ಮಾತ್ ಅಂದು ಜೊತೆಗಿರುವವರಿಗೆ.

## ಫೋಟೊ ತೆಗೆಯುವುದು

ಸ್ಟ್ರಿಪ್ ಫೋಟೊ ತೆಗೆದರೆ ಬರೀ ಬೆಳ್ಳಗೆ ಹೊಳೆಯುತ್ತೆ, ಹೆಸರೇ ಕಾಣಲ್ಲ. ಏನು ಮಾಡೋದು?

ಸ್ಟ್ರಿಪ್‌ನ ಬೆನ್ನಿನ ಹಾಳೆ ಕನ್ನಡಿ ಇದ್ದ ಹಾಗೆ. ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಫ್ಲ್ಯಾಶ್ ಹಾಕಿದರೆ ಫ್ಲ್ಯಾಶ್, ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಟ್ಯೂಬ್‌ಲೈಟ್. ಮೊದಲು ಫ್ಲ್ಯಾಶ್ ಆಫ್ ಮಾಡಿ, ಮೇಲಿನ ದೀಪವನ್ನೂ ಆರಿಸಿ. ಹಗಲಲ್ಲಿ ಕಿಟಕಿಯ ಪಕ್ಕ ಮೇಜು ಹಾಕಿಕೊಳ್ಳಿ. ನೇರ ಬಿಸಿಲು ಬೀಳಬಾರದು, ಬೆಳಕು ಒಂದು ಬದಿಯಿಂದ ಬರಬೇಕು. ಬಿಸಿಲು ಜಾಸ್ತಿ ಇದ್ದರೆ ಕಿಟಕಿಗೆ ತೆಳು ಬಿಳಿ ಬಟ್ಟೆ ಇಳಿಬಿಡಿ.

ಸ್ಟ್ರಿಪ್ ಕೆಳಗೆ ಹೊಳಪಿಲ್ಲದ ಕಡು ಬಣ್ಣದ ಬಟ್ಟೆ ಅಥವಾ ಕಾಗದ ಹಾಸಿ. ಬೆಳ್ಳಿ ಬಣ್ಣದ ಅಂಚು ಕಡು ಬಣ್ಣದ ಮೇಲೆ ಚೆನ್ನಾಗಿ ಎದ್ದು ಕಾಣುತ್ತದೆ. ಮೊಬೈಲನ್ನು ಸ್ಟ್ರಿಪ್‌ಗೆ ತೀರಾ ಹತ್ತಿರ ತರಬೇಡಿ. ನಿಮ್ಮ ಕೈಯ ನೆರಳು ಬೀಳುತ್ತದೆ, ಆಕಾರವೂ ಸೊಟ್ಟಗಾಗುತ್ತದೆ. ಒಂದಡಿ ಎತ್ತರದಲ್ಲಿ ಹಿಡಿದು ಎರಡು ಪಟ್ಟು ಝೂಮ್ ಮಾಡಿ. ಇನ್ನೂ ಹೊಳೆದರೆ ಮೊಬೈಲ್ ಅಲುಗಿಸಬೇಡಿ, ಸ್ಟ್ರಿಪ್‌ನ ಒಂದು ಅಂಚಿನ ಕೆಳಗೆ ಮಡಿಸಿದ ಕಾಗದ ತುರುಕಿ ಚೂರು ಓರೆ ಮಾಡಿ. ಹೊಳಪು ಪಕ್ಕಕ್ಕೆ ಸರಿದು ಅಕ್ಷರ ಎದ್ದುಬರುವುದು ಪರದೆಯಲ್ಲೇ ಕಾಣುತ್ತದೆ.

ಯಾವ ಬದಿ ತೆಗೆಯಬೇಕು? ಹೆಸರಿರೋ ಬದಿನಾ, ಮಾತ್ರೆ ಕಾಣೋ ಬದಿನಾ?

ಎರಡೂ. ಹೆಸರಿರುವ ಬದಿ ನಿಮಗೂ ಅಂಗಡಿಯವರಿಗೂ ಬೇಕು. ಅಜ್ಜಿ ಗುರುತು ಹಿಡಿಯುವುದು ಹೆಚ್ಚಾಗಿ ಇನ್ನೊಂದು ಬದಿಯಿಂದ: ಉಬ್ಬಿದ ಗೂಡುಗಳು, ಅವುಗಳ ಸಾಲು, ಒಳಗಿನ ಬಣ್ಣ. ಇವುಗಳ ಜೊತೆಗೆ ಹೊರತೆಗೆದ ಒಂದು ಮಾತ್ರೆಯನ್ನೂ ಪಕ್ಕದಲ್ಲಿಟ್ಟು ತೆಗೆಯಿರಿ. ಅದಕ್ಕೆ ಅಜ್ಜಿ ಮಾತ್ರೆ ತಗೊಳ್ಳುವ ಹೊತ್ತಿಗೇ ಫೋಟೊ ಕಾರ್ಯಕ್ರಮ ಇಟ್ಟುಕೊಂಡರೆ ಮಾತ್ರೆ ಹಾಳಾಗುವುದಿಲ್ಲ.

ಸ್ಟ್ರಿಪ್ ಹೊಸದಿದ್ದಾಗ, ಇಡಿಯಾಗಿ ತೆಗೆಯಿರಿ. ಕತ್ತರಿಸಿದ ಸ್ಟ್ರಿಪ್‌ನಲ್ಲಿ ಹೆಸರೋ ಶಕ್ತಿಯೋ ಅರ್ಧ ಹೋಗಿರಬಹುದು. ಅಂಗಡಿಯಲ್ಲಿ ಬಿಡಿಯಾಗಿ ಕತ್ತರಿಸಿ ಕೊಡುತ್ತಿದ್ದರೆ ಅಜ್ಜಿಗೆ ಇಡೀ ಸ್ಟ್ರಿಪ್ಪೇ ಕೇಳಿ. ಅರ್ಧ ತುಂಡು ಫೋಟೊದ ಹಾಗೆ ಕಾಣುವುದಿಲ್ಲ, ಮುಗಿಯುವ ತಾರೀಖೂ ಇಲ್ಲದಿರಬಹುದು.

ಎಲ್ಲಾ ಫೋಟೊನೂ ಒಂದೇ ಸೈಜಿಗೆ ಕ್ರಾಪ್ ಮಾಡಿದೆ, ನೀಟಾಗಿದೆ. ಅಜ್ಜಿ ಮಾತ್ರ ಗೊತ್ತಾಗ್ತಿಲ್ಲ ಅಂತಾರೆ. ಯಾಕೆ?

ನೀಟಾಗಿರುವುದೇ ತೊಂದರೆ. ಥೈರಾಯ್ಡ್ ಮಾತ್ರೆ ಸಾಮಾನ್ಯವಾಗಿ ಪುಟ್ಟದು, ಕ್ಯಾಲ್ಸಿಯಂ ಮಾತ್ರೆ ದೊಡ್ಡದು. ಎರಡನ್ನೂ ಒಂದೇ ಚೌಕಕ್ಕೆ ಹಿಗ್ಗಿಸಿ ಕುಗ್ಗಿಸಿದರೆ ಎರಡೂ ಒಂದೇ ಗಾತ್ರದ ಬಿಳಿ ಮಾತ್ರೆಗಳಾಗಿ ಕಾಣುತ್ತವೆ. ಕಣ್ಣು ಮಂಜಾದವರಿಗೆ ಬರಹಕ್ಕಿಂತ ಮೊದಲು ಸಿಗುವ ಸುಳಿವೇ ಗಾತ್ರ. ಅದನ್ನೇ ನಾವು ಅಳಿಸಿಬಿಟ್ಟ ಹಾಗಾಯಿತು.

ಎಲ್ಲವನ್ನೂ ಒಂದೇ ಎತ್ತರದಿಂದ, ಒಂದೇ ಝೂಮ್‌ನಲ್ಲಿ ತೆಗೆಯಿರಿ. ಮೊಬೈಲನ್ನು ಪುಸ್ತಕಗಳ ಎರಡು ಗುಡ್ಡೆಗಳ ನಡುವೆ ಅಡ್ಡ ಇಟ್ಟರೆ ಎತ್ತರ ಬದಲಾಗುವುದಿಲ್ಲ. ಮೊದಲ ಫೋಟೊದಲ್ಲಿ ಪಕ್ಕಕ್ಕೊಂದು ಸ್ಕೇಲ್ ಇಡಿ. ಪ್ರಿಂಟ್ ಮಾಡುವಾಗ ಸ್ಕೇಲಿನ 10 ಸೆಂಟಿಮೀಟರ್ ಕಾಗದದ ಮೇಲೂ 10 ಸೆಂಟಿಮೀಟರ್ ಬರುವ ಹಾಗೆ ಗಾತ್ರ ಹೊಂದಿಸಿ. ಅದೇ ಅಳತೆಯನ್ನು ಉಳಿದ ಫೋಟೊಗಳಿಗೂ ಹಾಕಿ. ಪ್ರಿಂಟರ್ ಕೆಲವೊಮ್ಮೆ ಪುಟಕ್ಕೆ ಹೊಂದಿಸಲು ತಾನಾಗಿಯೇ ಕುಗ್ಗಿಸುತ್ತದೆ. ಪ್ರಿಂಟ್ ಸೆಟ್ಟಿಂಗ್‌ನಲ್ಲಿ 100% ಇದೆಯಾ ನೋಡಿ. ಹೀಗೆ ಮಾಡಿದರೆ ಅಜ್ಜಿ ಕೈಯಲ್ಲಿರುವ ಸ್ಟ್ರಿಪ್ಪನ್ನು ಚಿತ್ರದ ಮೇಲೇ ಇಟ್ಟು ನೋಡಬಹುದು. ಅಂಚಿಗೆ ಅಂಚು ಕೂತರೆ ಸರಿ. ಬೆರಳಲ್ಲಿ ಸವರಿಯೇ ಇದನ್ನು ಪರೀಕ್ಷಿಸುವವರಿದ್ದಾರೆ.

ದೃಷ್ಟಿ ತೀರಾ ಕಡಿಮೆ ಇದ್ದರೆ ಎಲ್ಲವನ್ನೂ ಒಂದೂವರೆ ಪಟ್ಟು ಮಾಡಿ. ಆದರೆ ಎಲ್ಲವನ್ನೂ ಅಷ್ಟೇ. ಒಂದನ್ನು ಮಾತ್ರ ಹಿಗ್ಗಿಸಬಾರದು.

ಇಂಟರ್‌ನೆಟ್‌ನಲ್ಲಿ ಸಿಗೋ ಫೋಟೊ ಹಾಕಬಹುದಾ? ಸ್ಪಷ್ಟವಾಗಿರುತ್ತೆ.

ಬೇಡ. ಅದು ಹಳೇ ಪ್ಯಾಕಿಂಗ್ ಇರಬಹುದು, ಬೇರೆ ಶಕ್ತಿಯದ್ದೂ ಇರಬಹುದು. ಅಜ್ಜಿಯ ಡಬ್ಬದಲ್ಲಿ ಇವತ್ತು ಇರುವ ಸ್ಟ್ರಿಪ್ಪೇ ಚಿತ್ರದಲ್ಲಿರಬೇಕು.

## ಅಕ್ಷರ ಮತ್ತು ಹಾಳೆ

ಅಕ್ಷರ ಎಷ್ಟು ದೊಡ್ಡದಿರಬೇಕು?

ದೊಡ್ಡ ಅಕ್ಷರದ ಮುದ್ರಣ ಅಂದರೆ ಸಾಮಾನ್ಯವಾಗಿ 16ರಿಂದ 18 ಪಾಯಿಂಟ್. ಕೈಯಲ್ಲಿ ಹಿಡಿದು ಓದುವ ಪುಸ್ತಕಕ್ಕೆ ಅದು ಸರಿ, ಗೋಡೆಗೆ ಅಂಟಿಸಿದ ಚಾರ್ಟ್‌ಗೆ ಸಾಲದು. ಊಹೆ ಮಾಡುವ ಬದಲು ಒಂದು ಪರೀಕ್ಷೆ ಮಾಡಿ. "ರಾತ್ರಿ ಊಟದ ಜೊತೆ" ಅನ್ನುವ ಸಾಲನ್ನೇ 24, 32, 40, 48 ಪಾಯಿಂಟ್‌ನಲ್ಲಿ ಒಂದರ ಕೆಳಗೊಂದು ಪ್ರಿಂಟ್ ಮಾಡಿ. ಚಾರ್ಟ್ ಎಲ್ಲಿ ಇರುತ್ತದೋ ಅಲ್ಲೇ ಹಾಕಿ, ಅಜ್ಜಿ ದಿನಾ ಹಾಕುವ ಕನ್ನಡಕದಲ್ಲಿ, ರಾತ್ರಿ ಅಲ್ಲಿರುವ ದೀಪದಲ್ಲೇ ಓದಿಸಿ. ಅವರು ತಡವರಿಸದೆ ಓದಿದ ಅತಿ ಚಿಕ್ಕ ಸಾಲು ಯಾವುದೋ ಅದಕ್ಕಿಂತ ಒಂದು ಹಂತ ದೊಡ್ಡದನ್ನು ಆರಿಸಿ.

ಕನ್ನಡ ಅಕ್ಷರಕ್ಕೆ ಇನ್ನೊಂದು ತಾಪತ್ರಯ ಇದೆ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಮುಖ್ಯ ಅಕ್ಷರಕ್ಕಿಂತ ಚಿಕ್ಕದಾಗಿಯೂ ಇರುತ್ತದೆ. "ಮಧ್ಯಾಹ್ನ" ಪದದಲ್ಲಿ ಮೊದಲು ಮಸುಕಾಗುವುದು ಆ ಒತ್ತುಗಳೇ. ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಬಿಡಿ. ನೋಟೊ ಸಾನ್ಸ್ ಕನ್ನಡದಂಥ ಸಾದಾ ಫಾಂಟಿನ ದಪ್ಪ ರೂಪ ಬಳಸಿ. ಅಲಂಕಾರದ ಫಾಂಟ್, ಓರೆ ಅಕ್ಷರ, ಅಡಿಗೆರೆ ಯಾವುದೂ ಬೇಡ. ಅಡಿಗೆರೆ ಒತ್ತಕ್ಷರಗಳ ಮೇಲೇ ಹಾದುಹೋಗುತ್ತದೆ.

ಬರೆಯುವುದು ಕಡಿಮೆ ಇದ್ದಷ್ಟೂ ಒಳ್ಳೆಯದು. ಹೊತ್ತು ಎಲ್ಲಕ್ಕಿಂತ ದೊಡ್ಡದಾಗಿ. ಆಮೇಲೆ ಅಜ್ಜಿ ಬಾಯಲ್ಲಿ ಬರುವ ಹೆಸರು, ಅಂದರೆ "ಬಿಪಿ ಮಾತ್ರೆ". ಆಮೇಲೆ "ಒಂದು". ಔಷಧಿಯ ಪೂರ್ತಿ ಹೆಸರು ಮತ್ತು ಶಕ್ತಿ ಕೆಳಗೆ 16 ಪಾಯಿಂಟ್‌ನಲ್ಲಿ, ಸ್ಟ್ರಿಪ್ ಮೇಲೆ ಅಚ್ಚಾದ ಲಿಪಿಯಲ್ಲೇ ಇದ್ದರೆ ಸಾಕು.

ಬೆಳಗ್ಗೆಗೆ ನೀಲಿ, ಮಧ್ಯಾಹ್ನಕ್ಕೆ ಹಸಿರು ಅಂತ ಬಣ್ಣ ಹಾಕಲಾ?

ಹಾಕಿ, ಆದರೆ ಬಣ್ಣವನ್ನೊಂದನ್ನೇ ನಂಬಬೇಡಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ. ಪೊರೆ ಬಂದಿದ್ದರೆ ಇನ್ನೂ ಜಾಸ್ತಿ. ಆಗ ಕಡು ನೀಲಿ ಕಪ್ಪಿನ ಹಾಗೆ ಕಾಣಬಹುದು, ನೀಲಿ ಹಸಿರಿನ ನಡುವೆ ವ್ಯತ್ಯಾಸ ತಿಳಿಯದೆ ಹೋಗಬಹುದು, ತಿಳಿ ಹಳದಿ ಬಿಳಿಯಲ್ಲಿ ಕರಗಿಬಿಡಬಹುದು. ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ ಇರಲಿ. ಬಣ್ಣ ಬೇಕೆಂದರೆ ಹಾಳೆಯ ಅಂಚಿಗೆ ದಪ್ಪ ಪಟ್ಟಿ ಎಳೆಯಿರಿ, ಪಕ್ಕದಲ್ಲೇ ಸೂರ್ಯನದ್ದೋ ಚಂದ್ರನದ್ದೋ ಚಿತ್ರ ಇರಲಿ.

ಲ್ಯಾಮಿನೇಷನ್ ಮಾಡಿಸೋದು ಒಳ್ಳೇದಲ್ವಾ?

ಹೊಳೆಯುವ ಲ್ಯಾಮಿನೇಷನ್ ದೀಪದ ಬೆಳಕನ್ನು ನೇರ ಕಣ್ಣಿಗೆ ಎಸೆಯುತ್ತದೆ. ಪೊರೆ ಇರುವವರಿಗೆ ಅದು ದೊಡ್ಡ ಹಿಂಸೆ. ಜೊತೆಗೆ, ಲ್ಯಾಮಿನೇಟ್ ಆದ ಚಾರ್ಟನ್ನು ತಿದ್ದಲು ಮನಸ್ಸು ಬರುವುದಿಲ್ಲ, ತಪ್ಪಿದ್ದರೂ ಹಾಗೇ ನೇತಾಡುತ್ತದೆ. ದಪ್ಪ ಮ್ಯಾಟ್ ಕಾಗದ, ಒಂದು ಕ್ಲಿಪ್ ಬೋರ್ಡ್ ಸಾಕು.

ಅರ್ಧ ಮಾತ್ರೆ, 2.5 ಇವನ್ನೆಲ್ಲ ಹೇಗೆ ಬರೆಯೋದು?

ಅಜ್ಜಿ ಓದುವ ಸಾಲಿನಲ್ಲಿ ಶಕ್ತಿಯ ಅಂಕಿಯೇ ಬೇಡ. ಅಲ್ಲಿ ಎಷ್ಟು ಮಾತ್ರೆ ಅನ್ನುವುದು ಮಾತ್ರ ಇರಲಿ, ಅದೂ ಅಕ್ಷರದಲ್ಲಿ: "ಅರ್ಧ", "ಒಂದು", "ಎರಡು". ಅರ್ಧ ಇದ್ದರೆ ಮುರಿದ ಅರ್ಧ ಮಾತ್ರೆಯದ್ದೇ ಫೋಟೊ ಹಾಕಿ. ಎಲ್ಲಾ ಮಾತ್ರೆ ಮುರಿಯುವಂಥದ್ದಲ್ಲ. ನಿಧಾನವಾಗಿ ಕರಗುವ ಮೆಟ್‌ಫಾರ್ಮಿನ್‌ನಂಥವನ್ನು ಕೇಳದೆ ಮುರಿಯಬಾರದು, ಪುಡಿ ಮಾಡಬಾರದು.

ಕೆಳಗಿನ ಚಿಕ್ಕ ಸಾಲಿನಲ್ಲಿ ಶಕ್ತಿ ಬರೆಯುವಾಗ ಚುಕ್ಕೆಯ ಬಗ್ಗೆ ಹುಷಾರು. 2.5ರ ಚುಕ್ಕೆ ಮಸುಕಾದರೆ 25 ಆಗುತ್ತದೆ. 5 ಅನ್ನು 5.0 ಅಂತ ಬರೆದರೆ ಅದು 50 ಆಗಿಬಿಡುತ್ತದೆ, ಆದ್ದರಿಂದ ಕೊನೆಯ ಸೊನ್ನೆ ಹಾಕಬೇಡಿ. ಲೆವೊಥೈರಾಕ್ಸಿನ್ ಅಳತೆ ಮೈಕ್ರೋಗ್ರಾಂನಲ್ಲಿ, ಉಳಿದ ಹೆಚ್ಚಿನವು ಮಿಲಿಗ್ರಾಂನಲ್ಲಿ. ಅದನ್ನು ಸಂಕ್ಷೇಪ ಮಾಡದೆ ಪೂರ್ತಿ ಬರೆಯಿರಿ.

## ಬಳಸುವಾಗ ಬರುವ ತೊಡಕುಗಳು

ಈ ಸಲ ಅಂಗಡಿಯವರು ಬೇರೆ ಕಂಪನಿದು ಕೊಟ್ಟರು. ಒಳಗಿರೋದು ಅದೇ ಔಷಧಿ. ಚಾರ್ಟ್ ಹಾಗೇ ಇರಲಿ ಬಿಡಿ, ಅಲ್ವಾ?

ಖಂಡಿತ ಹಾಗೇ ಬಿಡಬೇಡಿ. ಫೋಟೊ ಚಾರ್ಟ್ ಕೈಕೊಡುವುದು ಹೆಚ್ಚಾಗಿ ಇಲ್ಲೇ.

ಅಜ್ಜಿಯ ಕಡೆಯಿಂದ ನೋಡಿ. ಬಿಪಿ ಮಾತ್ರೆಯ ಚಿತ್ರದಲ್ಲಿ ಕೆಂಪು ಬರಹದ ಬೆಳ್ಳಿ ಸ್ಟ್ರಿಪ್ ಇದೆ. ಡಬ್ಬದಲ್ಲಿ ಹಳೇ ಕೆಂಪು ಸ್ಟ್ರಿಪ್‌ನ ಮೂರು ಮಾತ್ರೆ ಉಳಿದಿವೆ, ಜೊತೆಗೆ ಹೊಸದೊಂದು ನೀಲಿ ಬರಹದ ಸ್ಟ್ರಿಪ್ ಬಂದಿದೆ. ಚಿತ್ರ ನೋಡಿ ಅವರು ಕೆಂಪಿನದ್ದು ನುಂಗುತ್ತಾರೆ. ನೀಲಿಯದ್ದು ಯಾವ ಚಿತ್ರದಲ್ಲೂ ಇಲ್ಲ, ಆದರೆ ಮೊಮ್ಮಗ ತಂದುಕೊಟ್ಟಿದ್ದಾನೆ, ಅಂದರೆ ಡಾಕ್ಟರ್ ಹೊಸದಾಗಿ ಕೊಟ್ಟಿರಬೇಕು ಅಂದುಕೊಂಡು ಅದನ್ನೂ ನುಂಗುತ್ತಾರೆ. 5 ಮಿಲಿಗ್ರಾಂ ಆಮ್ಲೋಡಿಪಿನ್ 10 ಆಯಿತು. ತಲೆ ಸುತ್ತು, ಕಾಲು ಊತ, ಎದ್ದು ನಿಂತಾಗ ತೂರಾಡುವುದು ಶುರುವಾಗಬಹುದು, ಮನೆಯವರು ಕಾರಣ ಬೇರೆಲ್ಲೋ ಹುಡುಕುತ್ತಿರುತ್ತಾರೆ. ಇನ್ನು ಕೆಲವು ಅಜ್ಜಿಯರು ಇದಕ್ಕೆ ತದ್ವಿರುದ್ಧ. ಚಿತ್ರದಲ್ಲಿ ಇಲ್ಲದ್ದನ್ನು ಮುಟ್ಟುವುದಿಲ್ಲ. ಕೆಂಪು ಮುಗಿದ ಮೇಲೆ ಬಿಪಿ ಮಾತ್ರೆಯೇ ನಿಂತುಹೋಗುತ್ತದೆ.

ಇದಕ್ಕೆ ಒಂದೇ ಕಟ್ಟುನಿಟ್ಟು: ಹೊಸ ಸ್ಟ್ರಿಪ್ ಅಜ್ಜಿಯ ಡಬ್ಬಕ್ಕೆ ಹೋಗುವ ಮೊದಲು ಚಾರ್ಟ್ ಬದಲಾಗಬೇಕು. ಅಂಗಡಿಯಿಂದ ತಂದದ್ದು ನೇರ ಡಬ್ಬಕ್ಕೆ ಬೀಳಬಾರದು, ಬೇರೆ ಕಡೆ ಇಡಿ. ಚಿತ್ರದ ಪಕ್ಕ ಹಿಡಿದು ನೋಡಿ. ಬೇರೆ ಕಂಪನಿಯದ್ದಾದರೆ ಔಷಧಿಯ ಹೆಸರು, ಶಕ್ತಿ ಎರಡೂ ಅದೇ ಅಂತ ಫಾರ್ಮಸಿಸ್ಟ್ ಹತ್ತಿರ ಖಚಿತ ಮಾಡಿಕೊಳ್ಳಿ. ಹಳೇದು ಮುಗಿಯಲಿ ಅಥವಾ ಹೊರಗೆ ಹೋಗಲಿ, ಆಮೇಲೆ ಹೊಸದರ ಫೋಟೊ, ಹೊಸ ಹಾಳೆ, ಹೊಸ ಸ್ಟ್ರಿಪ್ ಮೂರೂ ಒಟ್ಟಿಗೆ ಒಳಗೆ ಬರಲಿ. ಎರಡು ಬಗೆಯ ಸ್ಟ್ರಿಪ್ ಒಂದೇ ದಿನವೂ ಜೊತೆಯಲ್ಲಿ ಇರಬಾರದು. ಬದಲಾದದ್ದನ್ನು ಅಜ್ಜಿಯ ಕೈಗೆ ಕೊಟ್ಟು ಬಾಯಲ್ಲೂ ಹೇಳಿ.

ಮೆಟ್‌ಫಾರ್ಮಿನ್‌ನಂತೆ ಎರಡು ಹೊತ್ತಿಗೆ ಬರುವ ಮಾತ್ರೆ ಬದಲಾದರೆ ಎರಡೂ ಹಾಳೆ ತಿದ್ದಬೇಕು. ಬೆಳಗಿನದ್ದು ತಿದ್ದಿ ರಾತ್ರಿಯದ್ದು ಮರೆಯುವುದು ತುಂಬ ಸುಲಭ. ಪ್ರತಿ ಹಾಳೆಯ ಮೂಲೆಯಲ್ಲಿ ಮಾಡಿದ ತಾರೀಖು ಹಾಕಿ, ಹಳೇ ಹಾಳೆಯನ್ನು ಹರಿದು ಬಿಸಾಡಿ. ಅಂಗಡಿಯವರಿಗೆ "ಅದೇ ಕಂಪನಿದು ಕೊಡಿ" ಅಂತ ಮುಂಚೆಯೇ ಹೇಳಿಟ್ಟರೆ ಈ ಓಡಾಟ ಅರ್ಧ ಕಡಿಮೆ. ಆದರೂ ಕಂಪನಿಯೇ ಪ್ಯಾಕಿಂಗ್ ಬದಲಿಸುವುದುಂಟು, ಹಾಗಾಗಿ ನೋಡುವುದು ತಪ್ಪುವುದಿಲ್ಲ.

ಎರಡು ಸ್ಟ್ರಿಪ್ ನೋಡೋಕೆ ಒಂದೇ ಥರ ಇವೆ. ನನಗೇ ಗೊಂದಲ ಆಗುತ್ತೆ, ಇನ್ನು ಅಜ್ಜಿಗೆ?

ಚಾರ್ಟ್‌ನಲ್ಲಿ ಪ್ರತಿ ಮಾತ್ರೆಗೆ ಒಂದು ದೊಡ್ಡ ಅಂಕಿ ಕೊಡಿ. ಅದೇ ಅಂಕಿಯನ್ನು ಬಿಳಿ ಸ್ಟಿಕರ್ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಬರೆದು ಸ್ಟ್ರಿಪ್‌ಗೆ ಅಂಟಿಸಿ, ಆಮೇಲೆ ಫೋಟೊ ತೆಗೆಯಿರಿ. ಸ್ಟಿಕರ್ ಹೆಸರು, ಶಕ್ತಿ, ತಾರೀಖು ಮುಚ್ಚಬಾರದು. ಹೊಸ ಸ್ಟ್ರಿಪ್ ಬಂದಾಗಲೆಲ್ಲ ಅಂಟಿಸಬೇಕು, ಅದಕ್ಕೆ ಮನೆಯಲ್ಲಿ ಒಬ್ಬರೇ ಜವಾಬ್ದಾರಿ ತಗೊಂಡರೆ ಒಳ್ಳೆಯದು. ಇದಕ್ಕಿಂತಲೂ ಗಟ್ಟಿ ಉಪಾಯ ಅಂದರೆ ಹೊತ್ತಿಗೊಂದು ಬೇರೆ ಡಬ್ಬ. ಬೆಳಗಿನದ್ದು ದುಂಡಗೆ, ರಾತ್ರಿಯದ್ದು ಚೌಕ. ಕೈಗೇ ತಿಳಿಯುತ್ತದೆ.

ವಾರಕ್ಕೊಂದು ಸಲ ತಗೊಳ್ಳೋ ಮಾತ್ರೆ, ಐದು ದಿನದ ಆಂಟಿಬಯೋಟಿಕ್, ಇವನ್ನ ಎಲ್ಲಿ ಹಾಕೋದು?

ದಿನದ ಹಾಳೆಯಲ್ಲಿ ಬೇಡ. ಅಲ್ಲಿದ್ದರೆ ಅದು ದಿನಾ ತಗೊಳ್ಳುವ ಮಾತ್ರೆಯೇ ಆಗಿಬಿಡುತ್ತದೆ. ಕೀಲುನೋವಿಗೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಅದನ್ನು ದಿನಾ ತಗೊಂಡರೆ ಜೀವಕ್ಕೇ ಅಪಾಯ. ಇಂಥದ್ದನ್ನು ಅಜ್ಜಿಯ ಡಬ್ಬದಲ್ಲಿ ಇಡಲೇಬೇಡಿ. ಗೊತ್ತು ಮಾಡಿದ ದಿನದಂದು ಮನೆಯವರೇ ಕೈಗೆ ಕೊಡಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಪ್ರಮಾಣ ರಕ್ತ ಪರೀಕ್ಷೆಯ ಮೇಲೆ ಬದಲಾಗುತ್ತಿರುತ್ತದೆ, ಅದೂ ಈ ಚಾರ್ಟ್‌ಗೆ ಸೇರಿದ್ದಲ್ಲ. ಐದು ದಿನದ ಮಾತ್ರೆಗೆ ಬೇರೆ ಬಿಡಿ ಹಾಳೆ ಮಾಡಿ, ಐದು ಚೌಕ ಬರೆಯಿರಿ, ಮುಗಿದ ದಿನ ಕಿತ್ತುಹಾಕಿ.

ಚಾರ್ಟ್ ಇದ್ರೂ "ತಗೊಂಡೆನೋ ಇಲ್ವೋ" ಅಂತ ಅಜ್ಜಿಗೆ ಅನುಮಾನ. ಏನು ಮಾಡೋದು?

ಚಾರ್ಟ್ ಏನು ತಗೋಬೇಕು ಅಂತ ಹೇಳುತ್ತದೆ, ತಗೊಂಡಾಯಿತಾ ಅಂತ ಹೇಳುವುದಿಲ್ಲ. ಅದಕ್ಕೆ ಇನ್ನೊಂದು ಗುರುತು ಬೇಕು. ಕ್ಲಿಪ್ ಬೋರ್ಡಿನ ನಾಲ್ಕು ಹಾಳೆಗಳಲ್ಲಿ ಮುಗಿದ ಹೊತ್ತಿನ ಹಾಳೆಯನ್ನು ಹಿಂದಕ್ಕೆ ಹಾಕುವುದು ಒಂದು ದಾರಿ. ಮೇಲೆ ಕಾಣುವುದು ಯಾವಾಗಲೂ ಮುಂದಿನ ಹೊತ್ತು. ಅನುಮಾನ ಬಂದಾಗ ಇನ್ನೊಂದು ನುಂಗುವ ಅಭ್ಯಾಸ ಮಾತ್ರ ಬೇಡ. ಆಗ ಏನು ಮಾಡಬೇಕು ಅನ್ನುವುದನ್ನು ಪ್ರತಿ ಮಾತ್ರೆಗೂ ಡಾಕ್ಟರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ವಾರದ ಗೂಡುಗಳ ಪೆಟ್ಟಿಗೆಯಲ್ಲಿ ಮಾತ್ರೆ ತುಂಬಿಟ್ಟರೆ ಗೂಡು ಖಾಲಿಯಾಗಿದೆಯಾ ಅಂತ ನೋಡಿದರೆ ಸಾಕು. ಆದರೆ ಸ್ಟ್ರಿಪ್‌ನಿಂದ ಹೊರಬಂದ ಮಾತ್ರೆಗೆ ಹೆಸರೂ ಇಲ್ಲ, ತಾರೀಖೂ ಇಲ್ಲ, ಚಾರ್ಟಿನ ಸ್ಟ್ರಿಪ್ ಫೋಟೊ ಆಗ ಉಪಯೋಗಕ್ಕೆ ಬರುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಡಾಬಿಗಾಟ್ರಾನ್‌ನಂಥ ಕೆಲವನ್ನು ತೇವಾಂಶದಿಂದ ಹಾಳಾಗುತ್ತವೆಂದು ಮೂಲ ಪ್ಯಾಕಿಂಗ್‌ನಲ್ಲೇ ಇಡಬೇಕು. ಪೆಟ್ಟಿಗೆಗೆ ಹೋಗುವ ಮುನ್ನ ಫಾರ್ಮಸಿಸ್ಟನ್ನು ಕೇಳಿ.

ಅಜ್ಜಿ "ಚೆನ್ನಾಗಿ ಕಾಣುತ್ತೆ ಮಗಾ" ಅಂತಾರೆ. ನಂಬಬಹುದಾ?

ನೀವು ಕಷ್ಟಪಟ್ಟು ಮಾಡಿದ್ದೀರಿ, ಕಾಣಲ್ಲ ಅನ್ನಲು ಅವರಿಗೆ ಮನಸ್ಸು ಬರುವುದಿಲ್ಲ. "ಕಾಣ್ತಾ?" ಅಂತ ಕೇಳಬೇಡಿ. ಡಬ್ಬ ಕೈಗೆ ಕೊಟ್ಟು, "ಅಜ್ಜಿ, ಈಗ ರಾತ್ರಿ ಅಂದ್ಕೊಳ್ಳಿ, ಮಾತ್ರೆ ತೆಗೆದಿಡಿ" ಅನ್ನಿ. ಸುಮ್ನೆ ನೋಡುತ್ತಿರಿ, ನಡುವೆ ಬಾಯಿ ಹಾಕಬೇಡಿ. ಯಾವ ಸ್ಟ್ರಿಪ್ ಹತ್ತಿರ ಕೈ ತಡೆಯುತ್ತದೆ, ಯಾವುದನ್ನು ಕಣ್ಣಿನ ಹತ್ತಿರ ತರುತ್ತಾರೆ, ಅಲ್ಲಿ ಚಾರ್ಟ್ ಸೋತಿದೆ ಅಂತ ಅರ್ಥ. ನಾಲ್ಕೂ ಹೊತ್ತಿಗೆ ಹೀಗೆ ಮಾಡಿಸಿ, ಒಮ್ಮೆ ಹಗಲಲ್ಲಿ, ಒಮ್ಮೆ ದೀಪದಲ್ಲಿ.

ತಪ್ಪು ಯಾವ ಬಗೆಯದ್ದು ಅಂತಲೂ ನೋಡಿ. ಎರಡು ಬಿಳಿ ಮಾತ್ರೆ ಅದಲು ಬದಲಾದರೆ ಅದು ಕಣ್ಣಿನ ತೊಂದರೆ. ಅದಕ್ಕೆ ಅಂಕಿ ಹಾಕಬಹುದು, ಅಕ್ಷರ ದೊಡ್ಡದು ಮಾಡಬಹುದು, ದೀಪ ಬದಲಿಸಬಹುದು. ಸರಿಯಾದ ಮಾತ್ರೆಯನ್ನೇ ಎತ್ತಿ, ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಎತ್ತಿದರೆ, ಅಥವಾ ಹಗಲಲ್ಲಿ ರಾತ್ರಿಯ ಹಾಳೆ ಹಿಡಿದರೆ ಅದು ಕಣ್ಣಿನದ್ದಲ್ಲ, ನೆನಪಿನದ್ದು. ಅಕ್ಷರ ಎಷ್ಟೇ ದೊಡ್ಡದಾದರೂ ಆಗ ಪ್ರಯೋಜನವಿಲ್ಲ. ಮಾತ್ರೆಗಳನ್ನು ಅವರ ಕೈಗೆ ಸಿಗದಂತೆ ಇಟ್ಟು, ಹೊತ್ತು ಹೊತ್ತಿಗೆ ಮನೆಯವರು ಕೊಡಬೇಕು. ಡಾಕ್ಟರಿಗೂ ಅದನ್ನು ತಿಳಿಸಬೇಕು.